ಕ್ರ್ಯಾಕ್ ಮಾಡಿದ ವಿಂಡೋಸ್‌ಗೆ ಅಪ್‌ಡೇಟ್ ನಿಲ್ಲಿಸುವವರು ಯಾರು?

ಲೈಸೆನ್ಸ್ ಇಲ್ಲದ ವಿಂಡೋಸ್‌ಗೆ ಮೈಕ್ರೋಸಾಫ್ಟ್‌ನವರು ಅಪ್‌ಡೇಟ್ ಕೊಡುವುದಿಲ್ಲ ಎಂದು ತುಂಬಾ ಜನ ನಂಬಿದ್ದಾರೆ. ದುಡ್ಡು ಕೊಟ್ಟಿಲ್ಲ, ಅದಕ್ಕೇ ಅವರು ಕೊಡಲ್ಲ, ಸರಿಯೇ ಅಲ್ವಾ ಎಂದು ಸುಮ್ಮನಾಗುತ್ತಾರೆ. ಆದರೆ ನಡೆಯುವುದು ಹಾಗಲ್ಲ. ವಿಂಡೋಸ್ ಅಸಲಿಯೋ ನಕಲಿಯೋ ಎಂದು ಪರೀಕ್ಷೆ ಮಾಡುವುದನ್ನು ಮೈಕ್ರೋಸಾಫ್ಟ್ ಕಡ್ಡಾಯ ಮಾಡಿದ್ದು 2005ರಲ್ಲಿ. ಆಗಲೂ, ಪರೀಕ್ಷೆಯಲ್ಲಿ ಫೇಲಾದ ಕಂಪ್ಯೂಟರ್‌ಗಳಿಗೆ ಬೇರೆ ಸೌಲಭ್ಯಗಳು ನಿಂತವೇ ಹೊರತು ಭದ್ರತೆಯ ದೋಷ ಮುಚ್ಚುವ ಸೆಕ್ಯುರಿಟಿ ಪ್ಯಾಚ್‌ಗಳು ಆಟೊಮ್ಯಾಟಿಕ್ ಅಪ್‌ಡೇಟ್ ಮೂಲಕ ಹೋಗುತ್ತಲೇ ಇದ್ದವು. ವಿಂಡೋಸ್ 7ರ ಕಾಲದಲ್ಲೂ ಅದೇ ನೀತಿ ಇತ್ತು. ಇವತ್ತಿಗೂ ವಿಂಡೋಸ್ 11ನ್ನು ಆ್ಯಕ್ಟಿವೇಟ್ ಮಾಡದೆ ಹಾಗೇ ಬಿಟ್ಟರೆ, ಸ್ಕ್ರೀನಿನ ಮೂಲೆಯಲ್ಲಿ ಒಂದು ಬರಹ ಬಂದು ಕೂರುತ್ತದೆ, ವಾಲ್‌ಪೇಪರ್ ಬದಲಾಯಿಸಲು ಬಿಡುವುದಿಲ್ಲ. ಆದರೆ ಅಪ್‌ಡೇಟ್ ಬರುತ್ತದೆ.

ಇದು ಬರೀ ಧಾರಾಳತನವೇನಲ್ಲ. ವರ್ಮ್ ಎಂಬ ಜಾತಿಯ ವೈರಸ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನಾಗೇ ಹರಡುತ್ತದೆ. ಹರಡುವಾಗ ಅದು ಲೈಸೆನ್ಸ್ ಕೇಳುವುದಿಲ್ಲ. ನಕಲಿ ಕಾಪಿ ಇರುವ ಸಾವಿರಾರು ಕಂಪ್ಯೂಟರ್‌ಗಳಿಗೆ ಸೋಂಕು ತಗುಲಿದರೆ, ದುಡ್ಡು ಕೊಟ್ಟ ಗ್ರಾಹಕರ ಮೇಲೆ ದಾಳಿ ಮಾಡುವುದು ಅದೇ ಕಂಪ್ಯೂಟರ್‌ಗಳು.

ಹಾಗಂತ ಕಂಪನಿ ಯಾವತ್ತೂ ಬಾಗಿಲು ಹಾಕಲಿಲ್ಲ ಎಂದೂ ಹೇಳುವಂತಿಲ್ಲ. ವಿಂಡೋಸ್ ಎಕ್ಸ್‌ಪಿಗೆ 2004ರಲ್ಲಿ ಬಂದ ಸರ್ವಿಸ್ ಪ್ಯಾಕ್ 2, ಎಲ್ಲರ ಕೈಯಲ್ಲೂ ಓಡಾಡುತ್ತಿದ್ದ ಕೆಲವು ಕದ್ದ ಕೀಗಳಿರುವ ಕಂಪ್ಯೂಟರ್‌ಗಳಲ್ಲಿ ಇನ್‌ಸ್ಟಾಲ್ ಆಗಲು ಒಪ್ಪುತ್ತಿರಲಿಲ್ಲ. ಎಕ್ಸ್‌ಪಿಯ ಫೈರ್‌ವಾಲ್ ತಾನಾಗಿಯೇ ಆನ್ ಆಗಿ ಬಂದದ್ದು ಇದೇ ಸರ್ವಿಸ್ ಪ್ಯಾಕ್‌ನಲ್ಲಿ. ಹಾಗಾಗಿ ಅದು ಸಿಗದವರಿಗೆ ಆ ರಕ್ಷಣೆಯೂ ಸಿಗಲಿಲ್ಲ. ಆದರೆ ಇದು ಅಪವಾದ. ಸಾಮಾನ್ಯವಾಗಿ ಅಪ್‌ಡೇಟ್ ನಿಲ್ಲಿಸುವುದು ಲೈಸೆನ್ಸ್ ಪರೀಕ್ಷೆಗೆ ಮೋಸ ಮಾಡುವ ಕ್ರ್ಯಾಕ್, ಇಲ್ಲವೇ ಕ್ರ್ಯಾಕ್ ಹಾಕಿದ ಕೈ. ಅದು ಯಾಕೆ ಹಾಗೆ ಮಾಡಲೇಬೇಕಾಗುತ್ತದೆ ಎಂಬುದನ್ನು ನೋಡೋಣ.

ಕ್ರ್ಯಾಕ್ ಬದುಕುವುದು ಹಳೆಯ ಫೈಲ್‌ಗಳ ಮೇಲೆ

ವಿಂಡೋಸ್ 7ನ್ನು ಕ್ರ್ಯಾಕ್ ಮಾಡಲು ಮುಖ್ಯವಾಗಿ ಎರಡು ದಾರಿ ಚಾಲ್ತಿಯಲ್ಲಿದ್ದವು. ಒಂದು ಲೋಡರ್. ದೊಡ್ಡ ಬ್ರ್ಯಾಂಡ್‌ಗಳ ಕಂಪ್ಯೂಟರಿನ ಬಯಾಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮುಂಚೆ ಏಳುವ ಮದರ್‌ಬೋರ್ಡ್‌ನ ಪ್ರೋಗ್ರಾಮಿನಲ್ಲಿ, ಒಂದು ಚಿಕ್ಕ ಗುರುತಿನ ಕೋಷ್ಟಕ ಇರುತ್ತದೆ. ಅದನ್ನು ನೋಡಿದರೆ ವಿಂಡೋಸ್ ತಾನಾಗೇ ಆ್ಯಕ್ಟಿವೇಟ್ ಆಗುತ್ತದೆ. ಅಸೆಂಬಲ್ ಮಾಡಿಸಿದ ಕಂಪ್ಯೂಟರಿನಲ್ಲಿ ಆ ಗುರುತು ಇರುವುದಿಲ್ಲ. ಲೋಡರ್ ಏನು ಮಾಡುತ್ತದೆ ಎಂದರೆ, ವಿಂಡೋಸ್ ಶುರುವಾಗುವುದಕ್ಕೂ ಮುಂಚೆ ತಾನು ಶುರುವಾಗಿ, ಅಂಥದ್ದೇ ಒಂದು ಸುಳ್ಳು ಕೋಷ್ಟಕವನ್ನು ಮೆಮೊರಿಯಲ್ಲಿ ಇಟ್ಟುಬಿಡುತ್ತದೆ. ಇನ್ನೊಂದು ದಾರಿ ಇನ್ನೂ ಒರಟು. ಲೈಸೆನ್ಸ್ ಪರೀಕ್ಷಿಸುವ ವಿಂಡೋಸ್ ಫೈಲ್‌ಗಳನ್ನೇ ತಿದ್ದುವುದು ಅಥವಾ ಕಿತ್ತುಹಾಕುವುದು.

ಈಗ ಅಪ್‌ಡೇಟ್ ಏನು ಮಾಡುತ್ತದೆ ಎಂದು ಯೋಚಿಸಿ. ಅದರ ಕೆಲಸವೇ ಹಳೆಯ ಫೈಲ್ ತೆಗೆದು ಹೊಸ ಫೈಲ್ ಇಡುವುದು. ತಿದ್ದಿದ ಫೈಲ್ ಇದ್ದ ಜಾಗಕ್ಕೆ ಅಸಲಿ ಫೈಲ್ ಬಂದು ಕೂತರೆ ಲೈಸೆನ್ಸ್ ಪರೀಕ್ಷೆ ಮತ್ತೆ ಜೀವ ಪಡೆಯುತ್ತದೆ. ಬೂಟ್ ಫೈಲ್ ಬದಲಾದರೆ ಲೋಡರ್ ಕೆಡುತ್ತದೆ, ಕೆಲವು ಸಲ ಕಂಪ್ಯೂಟರ್ ಸ್ಟಾರ್ಟ್ ಆಗುವುದೇ ಇಲ್ಲ. ಅಂದರೆ ಕ್ರ್ಯಾಕ್‌ಗೂ ಅಪ್‌ಡೇಟ್‌ಗೂ ಮೊದಲಿನಿಂದಲೂ ಆಗಿಬರುವುದಿಲ್ಲ. ಅಪ್‌ಡೇಟ್ ಬಂದಷ್ಟೂ ಕ್ರ್ಯಾಕ್ ಒಡೆಯುವ ಸಾಧ್ಯತೆ ಜಾಸ್ತಿ.

ಇದರ ಮೇಲೆ 2010ರ ಫೆಬ್ರವರಿಯಲ್ಲಿ KB971033 ಎಂಬ ಅಪ್‌ಡೇಟ್ ಬಂತು. ಅದರ ಕೆಲಸ ಒಂದೇ: ಗೊತ್ತಿರುವ 70ಕ್ಕೂ ಹೆಚ್ಚು ಬಗೆಯ ಕ್ರ್ಯಾಕ್‌ಗಳನ್ನು ಹುಡುಕುವುದು. ಸಿಕ್ಕರೆ ಡೆಸ್ಕ್‌ಟಾಪ್ ಕಪ್ಪಾಗುತ್ತಿತ್ತು, ಬಲಗಡೆ ಕೆಳಗೆ "This copy of Windows is not genuine" ಎಂದು ಬರುತ್ತಿತ್ತು. ಕಂಪ್ಯೂಟರ್ ನಿಲ್ಲುತ್ತಿರಲಿಲ್ಲ, ಫೈಲ್‌ಗಳಿಗೆ ಏನೂ ಆಗುತ್ತಿರಲಿಲ್ಲ, ಸೆಕ್ಯುರಿಟಿ ಪ್ಯಾಚ್ ಕೂಡ ನಿಲ್ಲುತ್ತಿರಲಿಲ್ಲ. ಆದರೆ ಗ್ರಾಹಕ ಮಾತ್ರ ಕಂಪ್ಯೂಟರ್ ಹೊತ್ತುಕೊಂಡು ರಿಪೇರಿ ಅಂಗಡಿಗೆ ವಾಪಸ್ ಬರುತ್ತಿದ್ದ.

ಈ ಒಂದೇ ಅಪ್‌ಡೇಟನ್ನು ಮರೆಮಾಡಿ ಉಳಿದದ್ದನ್ನೆಲ್ಲ ಹಾಕಿಕೊಳ್ಳಬಹುದಿತ್ತು. ಆದರೆ ದಿನಕ್ಕೆ ಏಳೆಂಟು ಕಂಪ್ಯೂಟರ್ ಫಾರ್ಮ್ಯಾಟ್ ಮಾಡುವವರಿಗೆ ಅಷ್ಟು ಪುರುಸೊತ್ತು ಎಲ್ಲಿ? "Never check for updates" ಆರಿಸಿಬಿಟ್ಟರೆ ಒಂದೇ ಕ್ಲಿಕ್‌ಗೆ ತಲೆನೋವು ಮುಗಿಯಿತು. ಹೀಗೆ ಫಾರ್ಮ್ಯಾಟ್ ಮಾಡಿ ಕೊಡುವ ಕೆಲಸದಲ್ಲಿ ಅಪ್‌ಡೇಟ್ ಆಫ್ ಮಾಡುವುದೂ ಒಂದು ಮಾಮೂಲಿ ಹಂತವಾಗಿಬಿಟ್ಟಿತು. ಎಷ್ಟೋ ಕಡೆ ಗ್ರಾಹಕರೇ ಹೇಳಿ ಮಾಡಿಸಿಕೊಳ್ಳುತ್ತಾರೆ. ಡಾಟಾ ಖಾಲಿಯಾಗುತ್ತದೆ, ಸ್ಲೋ ಆಗುತ್ತದೆ, ಪ್ರಿಂಟ್ ಕೊಡುವ ಹೊತ್ತಿಗೇ ರೀಸ್ಟಾರ್ಟ್ ಕೇಳುತ್ತದೆ ಎಂಬ ಅವರ ದೂರಿನಲ್ಲಿ ಸುಳ್ಳೇನೂ ಇಲ್ಲ.

ಈಗಿನ ವಿಂಡೋಸ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕೆಎಂಎಸ್ ಆ್ಯಕ್ಟಿವೇಟರ್. ದೊಡ್ಡ ಕಂಪನಿಗಳಲ್ಲಿ ನೂರಾರು ಕಂಪ್ಯೂಟರ್ ಇರುವಾಗ, ಒಂದೊಂದನ್ನೂ ಇಂಟರ್ನೆಟ್‌ಗೆ ಕಳಿಸಿ ಆ್ಯಕ್ಟಿವೇಟ್ ಮಾಡುವ ಬದಲು, ಕಂಪನಿಯೊಳಗೇ ಒಂದು ಸರ್ವರ್ ಇಟ್ಟು ಅದರಿಂದ ಆ್ಯಕ್ಟಿವೇಟ್ ಮಾಡಿಸುತ್ತಾರೆ. ಒಮ್ಮೆ ಮಾಡಿದರೆ 180 ದಿನ ನಡೆಯುತ್ತದೆ. ಅದು ಮುಗಿಯುವ ಮುಂಚೆ ಕಂಪ್ಯೂಟರ್ ಮತ್ತೆ ಮತ್ತೆ ಸರ್ವರನ್ನು ಮಾತಾಡಿಸಿ ಅವಧಿ ಮುಂದೂಡಿಕೊಳ್ಳುತ್ತದೆ. ಆ್ಯಕ್ಟಿವೇಟರ್ ಈ ಸರ್ವರಿನ ವೇಷ ಹಾಕುತ್ತದೆ. ಇಲ್ಲಿ ವಿಂಡೋಸ್ ಫೈಲ್‌ಗಳನ್ನು ತಿದ್ದಬೇಕಾಗಿಲ್ಲ, ಆದ್ದರಿಂದ ಅಪ್‌ಡೇಟ್ ಜೊತೆ ನೇರ ಜಗಳ ಕಡಿಮೆ. ಆದರೆ ಬೇರೆ ತೊಡಕು ಹುಟ್ಟುತ್ತದೆ. ಅವಧಿ ಮುಂದೂಡುತ್ತಿರಲು ಆ ಪ್ರೋಗ್ರಾಂ ಕಂಪ್ಯೂಟರಿನಲ್ಲಿ ಕಾಯಂ ಆಗಿ ಇರಬೇಕು, ಅದೂ ಅಡ್ಮಿನ್ ಅಧಿಕಾರದಲ್ಲಿ. ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್ ಅದನ್ನು `HackTool:Win32/AutoKMS` ಎಂದು ಹಿಡಿದು ಅಳಿಸುತ್ತದೆ. ಹಾಗಾಗಿ ಹಾಕುವವರು ಮೊದಲು ಡಿಫೆಂಡರ್ ಆಫ್ ಮಾಡುತ್ತಾರೆ, ಇಲ್ಲವೇ ಈ ಫೋಲ್ಡರ್ ಮುಟ್ಟಬೇಡ ಎಂದು ಅದಕ್ಕೆ ಹೇಳಿ ಇಡುತ್ತಾರೆ. ಕೆಲವರು ಆಮೇಲೆ ತಂಟೆಯೇ ಬೇಡವೆಂದು ಪೂರ್ತಿ C ಡ್ರೈವನ್ನೇ ವಿನಾಯಿತಿ ಪಟ್ಟಿಗೆ ಸೇರಿಸುತ್ತಾರೆ. ಅದರ ಜೊತೆಗೆ ಅಪ್‌ಡೇಟ್ ಸರ್ವಿಸ್ ಕೂಡ ಡಿಸೇಬಲ್ ಆಗಿದ್ದರೆ, ಡಿಫೆಂಡರ್‌ಗೆ ಹೊಸ ವೈರಸ್‌ಗಳ ಮಾಹಿತಿ ಬರುವ ಮುಖ್ಯ ದಾರಿಯೂ ಮುಚ್ಚಿದ ಹಾಗೆ. ಐಕಾನ್ ಇರುತ್ತದೆ, ಕಾವಲು ಇರುವುದಿಲ್ಲ.

ಇನ್ನೊಂದು ಬಗೆ ಇದೆ. "ಲೈಟ್" ಎಂದು ಹೆಸರು ಹಾಕಿಕೊಂಡು ಓಡಾಡುವ ವಿಂಡೋಸ್. ಹಳೆಯ ಕಂಪ್ಯೂಟರಿನಲ್ಲೂ ಚೆನ್ನಾಗಿ ಓಡಲಿ ಎಂದು ಯಾರೋ ಒಳಗಿನ ಭಾಗಗಳನ್ನು ಕತ್ತರಿಸಿ ಹೊಸ ಐಎಸ್‌ಓ, ಅಂದರೆ ವಿಂಡೋಸ್ ಇನ್‌ಸ್ಟಾಲ್ ಮಾಡುವ ಫೈಲ್, ಮಾಡಿರುತ್ತಾರೆ. ಮೊದಲ ಕತ್ತರಿ ಬೀಳುವುದು ಡಿಫೆಂಡರ್‌ಗೆ ಮತ್ತು ಅಪ್‌ಡೇಟ್‌ಗೆ. ಇಲ್ಲಿ ಅಪ್‌ಡೇಟ್ ಆಫ್ ಆಗಿಲ್ಲ, ಇಲ್ಲವೇ ಇಲ್ಲ. ಒತ್ತಾಯ ಮಾಡಿ ಪ್ಯಾಚ್ ಹಾಕಲು ಹೋದರೂ `0x80073712` ಎಂಬಂಥ ಎರರ್ ಬಂದು ನಿಲ್ಲಬಹುದು. ಹೊಸ ಫೈಲ್ ಕೂರಿಸಲು ವಿಂಡೋಸ್ ತನ್ನ ಮೂಲ ಭಾಗಗಳ ಸಂಗ್ರಹವನ್ನು ನೋಡುತ್ತದೆ, ಅದೇ ಹಾಳಾಗಿದೆ ಎಂದು ಇದರ ಅರ್ಥ.

59 ದಿನ

ಅಪ್‌ಡೇಟ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಸುಮ್ನೆ ಹೇಳುವುದಕ್ಕಿಂತ ಒಂದೇ ಒಂದು ಪ್ಯಾಚ್ ಹಿಡಿದು ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. 2017ರ ಮಾರ್ಚ್ 14ರಂದು ಬಂದ MS17-010 ಅದಕ್ಕೆ ಒಳ್ಳೆಯ ಉದಾಹರಣೆ.

ಒಂದು ಕಂಪ್ಯೂಟರಿನ ಫೋಲ್ಡರನ್ನು ಇನ್ನೊಂದರಿಂದ ತೆರೆಯಲು, ಶೇರ್ ಮಾಡಿದ ಪ್ರಿಂಟರ್ ಬಳಸಲು ವಿಂಡೋಸ್‌ನಲ್ಲಿ ಎಸ್‌ಎಂಬಿ ಎಂಬ ವ್ಯವಸ್ಥೆ ಇದೆ. ಅದು 445ನೇ ಪೋರ್ಟ್ ಎಂಬ ನೆಟ್‌ವರ್ಕ್ ಬಾಗಿಲಿನಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಅದರ ಹಳೆಯ ಆವೃತ್ತಿ ಎಸ್‌ಎಂಬಿ 1, ಓಎಸ್/2 ಎಂಬ ಈಗ ಯಾರೂ ಬಳಸದ ಕಾರ್ಯಾಚರಣೆ ವ್ಯವಸ್ಥೆಯ ಕಾಲದ ಒಂದು ಪಟ್ಟಿಯನ್ನೂ ಸ್ವೀಕರಿಸುತ್ತಿತ್ತು. ಪಟ್ಟಿಯ ಮೊದಲಲ್ಲಿ ಅದರ ಉದ್ದ ಬರೆದಿರುತ್ತದೆ. ಪಟ್ಟಿಯಲ್ಲಿ ಸರಿಯಿಲ್ಲದ ಸಾಲು ಸಿಕ್ಕರೆ ವಿಂಡೋಸ್ ಅಲ್ಲಿಗೇ ಕತ್ತರಿಸಿ, ಉದ್ದವನ್ನು ಹೊಸದಾಗಿ ಬರೆಯುತ್ತಿತ್ತು.

ತಪ್ಪು ಇದ್ದದ್ದು ಹೊಸದಾಗಿ ಬರೆಯುವ ಆ ಜಾಗದಲ್ಲಿ. ಉದ್ದದ ಸಂಖ್ಯೆ ನಾಲ್ಕು ಬೈಟ್‌ನದು. ಆದರೆ ಕೋಡ್ ಕೆಳಗಿನ ಎರಡು ಬೈಟ್‌ಗಳನ್ನು ಮಾತ್ರ ತಿದ್ದುತ್ತಿತ್ತು, ಮೇಲಿನ ಎರಡನ್ನು ಹಾಗೇ ಬಿಡುತ್ತಿತ್ತು. ದಾಳಿ ಮಾಡುವವನು ಕಳಿಸುವ ಪಟ್ಟಿಯಲ್ಲಿ ಉದ್ದ 65,536 ಎಂದಿರುತ್ತದೆ ಎಂದುಕೊಳ್ಳಿ. ವಿಂಡೋಸ್ ಅದನ್ನು 65,373ಕ್ಕೆ ಇಳಿಸಬೇಕು. ಮೆಮೊರಿಯಲ್ಲಿ ಆಗುವುದು ಹೀಗೆ:

```
ಮೊದಲಿದ್ದದ್ದು   0x00010000   =   65,536
ಆಗಬೇಕಾದ್ದು    0x0000FF5D   =   65,373
ಆದದ್ದು        0x0001FF5D   =  130,909
```

ಮೇಲಿನ ಎರಡು ಬೈಟ್‌ಗಳಲ್ಲಿದ್ದ ಹಳೆಯ 1 ಹಾಗೇ ಉಳಿಯಿತು. ಕಡಿಮೆಯಾಗಬೇಕಿದ್ದ ಉದ್ದ ಎರಡರಷ್ಟಾಯಿತು. ಜಾಗ ಕಾದಿರಿಸಿದ್ದು ಕತ್ತರಿಸಿದ ಚಿಕ್ಕ ಪಟ್ಟಿಗೆ ತಕ್ಕಷ್ಟು, ತುಂಬಿಸಿದ್ದು ದೊಡ್ಡ ಲೆಕ್ಕದಂತೆ. ಹೆಚ್ಚಾದದ್ದು ಪಕ್ಕದ ಮೆಮೊರಿಗೆ ಚೆಲ್ಲುತ್ತದೆ. ಇದೆಲ್ಲ ನಡೆಯುವುದು `srv.sys` ಎಂಬ ಫೈಲಿನೊಳಗೆ, ಅಂದರೆ ವಿಂಡೋಸ್‌ನ ತಿರುಳಾದ ಕರ್ನಲ್‌ನಲ್ಲಿ. ಅಲ್ಲಿ ಎಲ್ಲಿ ಚೆಲ್ಲಬೇಕು, ಏನು ಚೆಲ್ಲಬೇಕು ಎಂದು ಲೆಕ್ಕ ಹಾಕಿ ಕಳಿಸಿದರೆ ಕಂಪ್ಯೂಟರ್ ಪೂರ್ತಿ ದಾಳಿಕೋರನ ಕೈಗೆ ಬರುತ್ತದೆ. ಪಾಸ್‌ವರ್ಡ್ ಬೇಡ. ಕೂತವರು ಯಾವ ಲಿಂಕನ್ನೂ ಒತ್ತಬೇಕಿಲ್ಲ. ಕಂಪ್ಯೂಟರ್ ಆನ್ ಇದ್ದು, 445ನೇ ಪೋರ್ಟ್ ಮುಟ್ಟುವಂತಿದ್ದರೆ ಸಾಕು. ಇದನ್ನು ಸರಿಮಾಡಲು ಆ ಲೆಕ್ಕದಲ್ಲಿ ಬೇಕಾದ ತಿದ್ದುಪಡಿಯೂ ತೀರಾ ಚಿಕ್ಕದು: ನಾಲ್ಕೂ ಬೈಟ್ ಬರೆಯುವುದು.

ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎ ಈ ದೋಷವನ್ನು ಬಳಸುವ ಎಟರ್ನಲ್‌ಬ್ಲೂ ಎಂಬ ಸಾಧನ ಮಾಡಿಕೊಂಡಿತ್ತು. ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು ಏಪ್ರಿಲ್ 14ರಂದು ಅದನ್ನು ಇಂಟರ್ನೆಟ್‌ಗೆ ಹಾಕಿತು. ಪ್ಯಾಚ್ ಬಂದು ಸರಿಯಾಗಿ ಒಂದು ತಿಂಗಳಾಗಿತ್ತು. ಮೇ 12ರ ಶುಕ್ರವಾರ ಅದೇ ಸಾಧನವನ್ನು ಹೊಟ್ಟೆಯಲ್ಲಿಟ್ಟುಕೊಂಡ ವಾನ್ನಾಕ್ರೈ ಹೊರಬಂತು. ಫೈಲ್‌ಗಳಿಗೆ ಬೀಗ ಹಾಕಿ, 300 ಡಾಲರ್ ಬಿಟ್‌ಕಾಯಿನ್ ಕೊಡಿ ಎಂದು ಕೇಳುತ್ತಿತ್ತು. ಮೂರು ದಿನ ಕಳೆದರೆ 600. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ಹರಡಿತು. ನಮ್ಮ ಪಕ್ಕದ ವಯನಾಡಿನ ಒಂದು ಪಂಚಾಯಿತಿ ಕಚೇರಿ, ಆಂಧ್ರದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರ್‌ಗಳೂ ಸಿಕ್ಕಿಕೊಂಡ ಸುದ್ದಿ ಆಗ ಪತ್ರಿಕೆಗಳಲ್ಲಿ ಬಂದಿತ್ತು.

ಮಾರ್ಚ್ 14ರಿಂದ ಮೇ 12ಕ್ಕೆ 59 ದಿನ. ವಿಂಡೋಸ್ 7ರಲ್ಲಿ ಆಟೊಮ್ಯಾಟಿಕ್ ಅಪ್‌ಡೇಟ್ ಆನ್ ಇದ್ದವರಿಗೆ ಅಷ್ಟರಲ್ಲಿ ಪ್ಯಾಚ್ ತಾನಾಗೇ ಬಂದು ಕೂತಿತ್ತು, ಅವರ ಕಾಪಿ ಅಸಲಿಯಾಗಿರಲಿ ನಕಲಿಯಾಗಿರಲಿ. ಆಫ್ ಮಾಡಿದ್ದವರಿಗೆ 59 ದಿನ ಇರಲಿ, 590 ದಿನ ಕೊಟ್ಟಿದ್ದರೂ ಅಷ್ಟೇ.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ವಾನ್ನಾಕ್ರೈಗೆ ಸಿಕ್ಕವರೆಲ್ಲ ಕ್ರ್ಯಾಕ್ ಬಳಸುತ್ತಿದ್ದವರಲ್ಲ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ಯಾಚ್ ಹಾಕುವುದನ್ನು ಮುಂದೂಡಿದ್ದೇ ಮುಳುವಾಯಿತು. ಎಕ್ಸ್‌ಪಿ ಕಂಪ್ಯೂಟರ್‌ಗಳೇ ಜಾಸ್ತಿ ಸಿಕ್ಕವು ಎಂಬ ಮಾತೂ ಸರಿಯಲ್ಲ. ಸೋಂಕು ತಗುಲಿದ ಬಹುಪಾಲು ಕಂಪ್ಯೂಟರ್‌ಗಳಲ್ಲಿ ಇದ್ದದ್ದು ವಿಂಡೋಸ್ 7. ಎಕ್ಸ್‌ಪಿಯ ಮೇಲೆ ಈ ವರ್ಮ್ ಹೋದರೆ ಸಾಮಾನ್ಯವಾಗಿ ನೀಲಿ ಸ್ಕ್ರೀನ್ ಬಂದು ಕಂಪ್ಯೂಟರೇ ನಿಂತುಬಿಡುತ್ತಿತ್ತು, ಹರಡಲು ಆಗುತ್ತಿರಲಿಲ್ಲ. ಲೈಸೆನ್ಸ್ ಇರುವುದೊಂದೇ ರಕ್ಷಣೆಯಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ಲೈಸೆನ್ಸ್ ಇರುವವರು ಪ್ಯಾಚ್ ಹಾಕದಿದ್ದರೆ ಅದು ತಡ, ಇವತ್ತು ಮನಸ್ಸು ಮಾಡಿದರೆ ಸರಿಹೋಗುತ್ತದೆ. ಕ್ರ್ಯಾಕ್ ಇರುವ ಕಂಪ್ಯೂಟರಿನಲ್ಲಿ ಪ್ಯಾಚ್ ಇಲ್ಲದಿರುವುದೇ ಕಂಪ್ಯೂಟರ್ ನಡೆಯುತ್ತಿರಲು ಇಟ್ಟ ಷರತ್ತು.

ಒಂದು ಡಿಟಿಪಿ ಅಂಗಡಿಯ ಲೆಕ್ಕ

ಇದು ನಮ್ಮ ಊರುಗಳಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಲು ಒಂದು ಮಾದರಿ ಡಿಟಿಪಿ ಅಂಗಡಿ ತೆಗೆದುಕೊಳ್ಳೋಣ. ಬಸ್ ಸ್ಟ್ಯಾಂಡ್ ಹತ್ತಿರ, ಮೂರು ಕಂಪ್ಯೂಟರ್, ಒಂದು ಝೆರಾಕ್ಸ್ ಮಷೀನ್. ಮದುವೆ ಕಾರ್ಡು, ಬಿಲ್ ಬುಕ್ಕು, ಕೋರ್ಟಿಗೆ ಅಫಿಡವಿಟ್ಟು. ಮೂರಕ್ಕೂ ಕ್ರ್ಯಾಕ್ ವಿಂಡೋಸ್ 7, ಮೂರಕ್ಕೂ ಅಪ್‌ಡೇಟ್ ಆಫ್. ಹೊಸ ವಿಂಡೋಸ್‌ಗೆ ಹೋಗಲು ಹಿಂಜರಿಕೆಗೆ ಕಾರಣವೂ ಇದೆ. ಹತ್ತು ಹದಿನೈದು ವರ್ಷದ ಕೆಲಸವೆಲ್ಲ ಪೇಜ್‌ಮೇಕರ್ ಫೈಲ್‌ಗಳಲ್ಲಿದೆ, ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ಗಳಲ್ಲಿದೆ. ಬದಲಾಯಿಸಿದರೆ ಅಕ್ಷರ ಒಡೆಯುತ್ತದೆ ಎಂಬ ಭಯ ಸುಳ್ಳಲ್ಲ.

ಎಲ್ಲ ಕೆಲಸವೂ ಮೊದಲನೇ ಕಂಪ್ಯೂಟರಿನ ಒಂದು ಶೇರ್ ಫೋಲ್ಡರಿನಲ್ಲಿ. ಶೇರಿಂಗ್ ಮೂರರಲ್ಲೂ ಆನ್, ಹಾಗಾಗಿ 445ನೇ ಪೋರ್ಟ್ ಮೂರರಲ್ಲೂ ತೆರೆದಿದೆ. ಹೊರಗಿನ ಇಂಟರ್ನೆಟ್‌ನಿಂದ ನೇರವಾಗಿ ಈ ಪೋರ್ಟ್ ಮುಟ್ಟಲು ಸಾಮಾನ್ಯವಾಗಿ ರೌಟರ್ ಬಿಡುವುದಿಲ್ಲ, ಅದು ನಿಜವಾದ ತಡೆ. ಆದರೆ ಆ ತಡೆ ಇರುವುದು ಹೊಸ್ತಿಲಲ್ಲಿ ಮಾತ್ರ. ಒಳಗೆ ಬರಲು ಬೇರೆ ದಾರಿಗಳಿವೆ. ಯಾರೋ ತಮ್ಮ ಲ್ಯಾಪ್‌ಟಾಪ್ ತಂದು ಅಂಗಡಿಯ ವೈಫೈಗೆ ಸೇರಿಸಿದರೆ, ಅದರಲ್ಲಿರುವ ವರ್ಮ್‌ಗೆ ಈಗ ಮೂರೂ ಕಂಪ್ಯೂಟರ್ ಕಾಣುತ್ತವೆ.

ಅದಕ್ಕಿಂತ ಮಾಮೂಲಿ ದಾರಿ ಪ್ರಿಂಟ್‌ಗೆ ಬರುವ ಫೈಲ್. ಅಂಗಡಿಯ ಆಫೀಸ್ 2010 ಕೂಡ ಕ್ರ್ಯಾಕೇ. ಆ ಆಫೀಸ್‌ನ ಪ್ಯಾಚ್‌ಗಳು ಬರುವುದೂ ವಿಂಡೋಸ್ ಅಪ್‌ಡೇಟ್ ಸರ್ವಿಸ್ ಮೂಲಕವೇ, ಆದ್ದರಿಂದ ಒಂದನ್ನು ಆಫ್ ಮಾಡಿದರೆ ಎರಡೂ ಆಫ್. ವರ್ಡ್‌ನಲ್ಲಿ ಗಣಿತದ ಸಮೀಕರಣ ಬರೆಯಲು `EQNEDT32.EXE` ಎಂಬ ಚಿಕ್ಕ ಪ್ರೋಗ್ರಾಂ ಇತ್ತು. 2000ನೇ ಇಸವಿಯಲ್ಲಿ ತಯಾರಾಗಿ ಹಾಗೇ ಉಳಿದುಕೊಂಡಿದ್ದ ಅದರಲ್ಲಿ ಒಂದು ದೋಷ ಸಿಕ್ಕಿತು. CVE-2017-11882 ಎಂಬ ಹೆಸರಿನ ಆ ದೋಷಕ್ಕೆ 2017ರ ನವೆಂಬರ್‌ನಲ್ಲಿ ಪ್ಯಾಚ್ ಬಂತು, ಮುಂದಿನ ಜನವರಿಯಲ್ಲಿ ಆ ಪ್ರೋಗ್ರಾಮನ್ನೇ ಆಫೀಸ್‌ನಿಂದ ತೆಗೆದರು. ಪ್ಯಾಚ್ ಇಲ್ಲದ ಕಂಪ್ಯೂಟರಿನಲ್ಲಿ ಬೇಕೆಂದೇ ಸಿದ್ಧಪಡಿಸಿದ ಒಂದು ಡಾಕ್ಯುಮೆಂಟ್ ತೆರೆದರೆ ಸಾಕು, ಮ್ಯಾಕ್ರೋಗೆ ಅನುಮತಿ ಕೊಡುವ ಅಗತ್ಯವೂ ಇಲ್ಲ. ದಿನವಿಡೀ ಅಪರಿಚಿತರ ಮೇಲ್‌ನಿಂದ, ಪೆನ್‌ಡ್ರೈವ್‌ನಿಂದ ಡಾಕ್ಯುಮೆಂಟ್ ತೆರೆಯುವುದೇ ಡಿಟಿಪಿ ಅಂಗಡಿಯ ಕೆಲಸ. ಎಚ್ಚರಿಕೆಯಿಂದ ಇರಿ, ಗೊತ್ತಿಲ್ಲದ ಫೈಲ್ ತೆರೆಯಬೇಡಿ ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ.

ಹೀಗೆ ಒಂದು ಕಂಪ್ಯೂಟರಿಗೆ ಡಾಕ್ಯುಮೆಂಟ್ ಮೂಲಕ ಏನೋ ಬಂತು. ಅದು ಎಟರ್ನಲ್‌ಬ್ಲೂ ತಂದರೆ ಉಳಿದ ಎರಡೂ ಕಂಪ್ಯೂಟರ್ ಅದರ ವಶ. ಫೈಲ್‌ಗೆ ಬೀಗ ಬಿದ್ದರೆ ಕನಿಷ್ಠ ಗೊತ್ತಾದರೂ ಆಗುತ್ತದೆ. ಗೊತ್ತೇ ಆಗದ ಬಗೆಯೂ ಇದೆ. ವಾನ್ನಾಕ್ರೈಗೂ ಮುಂಚೆಯೇ ಅದೇ ದಾರಿಯಲ್ಲಿ ಅಡಿಲ್‌ಕಜ್ ಎಂಬ ಇನ್ನೊಂದು ಬಂದಿತ್ತು. ಅದು ಫೈಲ್ ಮುಟ್ಟುತ್ತಿರಲಿಲ್ಲ, ಹಿಂದೆ ಕೂತು ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಮಾಡುತ್ತಿತ್ತು. ಬೇರೆ ಯಾರೂ ಒಳಗೆ ಬರಬಾರದೆಂದು ತಾನು ಬಂದ ದಾರಿಯನ್ನೂ ಮುಚ್ಚುತ್ತಿತ್ತು. ಇಂಥದ್ದು ಸೇರಿಕೊಂಡಾಗ ಅಂಗಡಿಯವರಿಗೆ ಕಾಣುವುದು ಇಷ್ಟೇ: ಸುಮ್ಮನೆ ಇದ್ದಾಗಲೂ ಫ್ಯಾನ್ ಜೋರಾಗಿ ತಿರುಗುತ್ತದೆ, ಕೋರೆಲ್‌ಡ್ರಾ ತೆರೆಯಲು ನಿಮಿಷಗಟ್ಟಲೆ ಬೇಕು, ಶೇರ್ ಫೋಲ್ಡರ್ ಇದ್ದಕ್ಕಿದ್ದಂತೆ ಕಾಣುವುದಿಲ್ಲ. ಕಂಪ್ಯೂಟರ್ ಹಳೆಯದಾಯಿತು ಎಂದುಕೊಂಡು ಮತ್ತೆ ಫಾರ್ಮ್ಯಾಟ್ ಮಾಡಿಸುತ್ತಾರೆ. ಮತ್ತೆ ಅದೇ ಸಿ.ಡಿ, ಅದೇ ಲೋಡರ್, ಅಪ್‌ಡೇಟ್ ಮತ್ತೆ ಆಫ್. ಬಾಗಿಲು ಹೇಗಿತ್ತೋ ಹಾಗೇ ತೆರೆದಿರುತ್ತದೆ.

ಇದಿಷ್ಟೂ ಕ್ರ್ಯಾಕ್ ಮಾಡಿದವನು ಒಳ್ಳೆಯವನು ಎಂದುಕೊಂಡು ಹೇಳಿದ್ದು. ಅವನು ಒಳ್ಳೆಯವನಲ್ಲದಿದ್ದರೆ? 2022ರ ಡಿಸೆಂಬರ್‌ನಲ್ಲಿ ಮ್ಯಾಂಡಿಯಂಟ್ ಎಂಬ ಭದ್ರತಾ ಸಂಸ್ಥೆ ಉಕ್ರೇನಿನ ಒಂದು ಪ್ರಕರಣ ಬಯಲಿಗೆ ತಂದಿತು. ಉಕ್ರೇನಿ ಭಾಷೆಯ ವಿಂಡೋಸ್ 10ರ ಒಂದು ಐಎಸ್‌ಓವನ್ನು ಯಾರೋ ಟೊರೆಂಟ್‌ನಲ್ಲಿ ಹಾಕಿದ್ದರು. ಅಲ್ಲಿನ ಸರ್ಕಾರಿ ಕಚೇರಿಗಳ ಕಂಪ್ಯೂಟರ್‌ಗಳಿಗೂ ಅದು ಹೋಗಿತ್ತು. ಅದರಲ್ಲಿ ಮಾಡಿದ್ದ ಬದಲಾವಣೆ ನೋಡಿ: ಲೈಸೆನ್ಸ್ ಪರೀಕ್ಷೆ ತೆಗೆದಿದ್ದರು, ಆಟೊಮ್ಯಾಟಿಕ್ ಅಪ್‌ಡೇಟ್ ತಡೆದಿದ್ದರು, ಭದ್ರತೆಯ ಮಾಹಿತಿ ಮೈಕ್ರೋಸಾಫ್ಟ್‌ಗೆ ಹೋಗದಂತೆ ಮಾಡಿದ್ದರು. ಒಳಗಿನ ಗೂಢಚಾರ ಪ್ರೋಗ್ರಾಂ ಒಂದನ್ನು ಬಿಟ್ಟರೆ, ಇವೆಲ್ಲ ಸಾಮಾನ್ಯ ಕ್ರ್ಯಾಕ್ ಐಎಸ್‌ಓದಲ್ಲೂ ಇರುವಂಥವೇ. ಹಾಗಾಗಿ ನೋಡಿದವರಿಗೆ ಅನುಮಾನ ಬರುವುದು ಕಷ್ಟ. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಕಳವಳ ತರುವುದು ಇದೇ. ಅಪ್‌ಡೇಟ್ ಇಲ್ಲ, ಡಿಫೆಂಡರ್ ಆಫ್ ಎಂಬುದು ಸೋಂಕಿನ ಲಕ್ಷಣವೂ ಹೌದು, ಕ್ರ್ಯಾಕ್‌ನ ಮಾಮೂಲಿ ಲಕ್ಷಣವೂ ಹೌದು. ಎರಡನ್ನೂ ಬೇರೆ ಮಾಡಿ ಹೇಳುವುದು ಹೇಗೆ?

ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವುದು

ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಕೊಂಡವರಿಗೆ, ಅಸೆಂಬಲ್ ಮಾಡಿಸಿದವರಿಗೆ ತಮ್ಮ ವಿಂಡೋಸ್ ಯಾವುದು ಎಂಬುದೇ ಗೊತ್ತಿರುವುದಿಲ್ಲ. ವಿಂಡೋಸ್ 10 ಅಥವಾ 11ರಲ್ಲಿ ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇವನ್ನು ಒಂದೊಂದಾಗಿ ಕೊಡಿ:

```
slmgr /xpr
Get-Service wuauserv | Select-Object Status, StartType
Get-MpPreference | Select-Object ExclusionPath
Get-HotFix | Sort-Object InstalledOn -Descending | Select-Object -First 5
```

ಮೊದಲನೆಯದು ಒಂದು ಪುಟ್ಟ ಕಿಟಕಿ ತೆರೆದು ಲೈಸೆನ್ಸ್ ಬಗ್ಗೆ ಹೇಳುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಅದು ಕಾಯಂ ಆ್ಯಕ್ಟಿವೇಟ್ ಆಗಿದೆ ಎನ್ನಬೇಕು. ಅದರ ಬದಲು ಇಂಥ ತಾರೀಕಿಗೆ ಮುಗಿಯುತ್ತದೆ ಎಂದು, ಇನ್ನು ಆರು ತಿಂಗಳೊಳಗಿನ ಒಂದು ದಿನ ತೋರಿಸಿದರೆ ಅದು ಕೆಎಂಎಸ್. ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆದರೆ ಗಾಬರಿ ಬೇಡ, ಅಲ್ಲಿ ಅದು ಸಹಜ. ಮನೆಯದಾದರೆ ಆ್ಯಕ್ಟಿವೇಟರ್ ಇದೆ ಎಂದೇ ತಿಳಿಯಿರಿ. ಕಾಯಂ ಎಂದು ತೋರಿಸಿದ ಮಾತ್ರಕ್ಕೆ ಅಸಲಿ ಎಂದೂ ಅಲ್ಲ, ಏಕೆಂದರೆ ಅದನ್ನೂ ಸುಳ್ಳು ಹೇಳಿಸುವ ಕ್ರ್ಯಾಕ್‌ಗಳಿವೆ.

ಎರಡನೆಯದು ಅಪ್‌ಡೇಟ್ ಸರ್ವಿಸ್. `Stopped` ಎಂದು ಬಂದರೆ ತೊಂದರೆಯಿಲ್ಲ, ಬೇಕಾದಾಗ ಅದು ಏಳುತ್ತದೆ. `StartType` ಜಾಗದಲ್ಲಿ `Disabled` ಎಂದಿದ್ದರೆ ಯಾರೋ ಬೇಕೆಂದೇ ನಿಲ್ಲಿಸಿದ್ದಾರೆ. ಮೂರನೆಯದು ಡಿಫೆಂಡರ್ ಮುಟ್ಟದೆ ಬಿಡುವ ಫೋಲ್ಡರ್‌ಗಳು. ನೀವೇ ಸೇರಿಸಿರದಿದ್ದರೆ ಅಲ್ಲಿ ಏನೂ ಇರಬಾರದು. ನಾಲ್ಕನೆಯದರಲ್ಲಿ ತಾರೀಕು ನೋಡಿ. ಪ್ರತಿ ತಿಂಗಳ ಎರಡನೇ ಮಂಗಳವಾರ ಪ್ಯಾಚ್ ಬರುತ್ತದೆ, ನಮಗೆ ಅದು ಮಂಗಳವಾರ ರಾತ್ರಿಯ ಹೊತ್ತಿಗೆ. ಬೆಂಬಲ ಇರುವ ವಿಂಡೋಸ್‌ನಲ್ಲಿ ಕೊನೆಯ ತಾರೀಕು ಎರಡು ಮೂರು ತಿಂಗಳಿಗಿಂತ ಹಳೆಯದಾಗಿದ್ದರೆ ಏನೋ ತಡೆದಿದೆ. ಇದರ ಜೊತೆ `C:\Windows\System32\drivers\etc\hosts` ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿ. ಹೊಸ ವಿಂಡೋಸ್‌ನಲ್ಲಿ ಅದರ ಸಾಲುಗಳೆಲ್ಲ `#` ನಿಂದ ಶುರುವಾಗುತ್ತವೆ. ಆ ಗುರುತಿಲ್ಲದ ಸಾಲುಗಳಲ್ಲಿ ಅಡೋಬಿ, ಮೈಕ್ರೋಸಾಫ್ಟ್ ಮುಂತಾದವರ ವಿಳಾಸಗಳು `0.0.0.0` ಅಥವಾ `127.0.0.1` ಜೊತೆ ಇದ್ದರೆ, ಆ ಸಾಫ್ಟ್‌ವೇರ್ ತನ್ನ ಕಂಪನಿಯನ್ನು ಸಂಪರ್ಕಿಸದಂತೆ ಕ್ರ್ಯಾಕ್ ತಡೆದಿದೆ. ಫೋಟೋಶಾಪ್‌ನಂಥವುಗಳಿಗೆ ಪ್ಯಾಚ್ ಬಾರದಿರಲು ಇದೂ ಒಂದು ಕಾರಣ.

ಕ್ರ್ಯಾಕ್ ಇದೆ ಎಂದು ಗೊತ್ತಾದ ಮೇಲೆ ಅಪ್‌ಡೇಟನ್ನು ಆನ್ ಮಾಡಿದರೆ ಸಾಕೇ? ಸಾಲದು. ಅಡ್ಮಿನ್ ಅಧಿಕಾರದಲ್ಲಿ ಓಡಿದ ಪ್ರೋಗ್ರಾಂ ಏನೇನು ಮಾಡಿಟ್ಟಿದೆ ಎಂಬುದನ್ನು ಆ ಕಂಪ್ಯೂಟರಿನ ಒಳಗೇ ಕೂತು ಖಚಿತವಾಗಿ ಹೇಳಲಾಗದು. ವಿಂಡೋಸ್‌ನಲ್ಲೇ ಇರುವ ರೀಸೆಟ್ ಕೂಡ ಸಾಮಾನ್ಯವಾಗಿ ಡಿಸ್ಕ್‌ನಲ್ಲಿರುವ ಅದೇ ಫೈಲ್‌ಗಳಿಂದ ಹೊಸದಾಗಿ ಕಟ್ಟುತ್ತದೆ, ತಿದ್ದಿದ ಐಎಸ್‌ಓದಿಂದ ಬಂದದ್ದಾದರೆ ಅದರಿಂದ ಹೆಚ್ಚು ಉಪಯೋಗವಿಲ್ಲ. ಸರಿಯಾದ ದಾರಿ ಎಂದರೆ ಡಾಕ್ಯುಮೆಂಟ್, ಫೋಟೋ, ಪೇಜ್‌ಮೇಕರ್ ಫೈಲ್, ಫಾಂಟ್ ಇಷ್ಟನ್ನು ಹೊರಗಿನ ಡಿಸ್ಕ್‌ಗೆ ತೆಗೆದುಕೊಂಡು, ಯಾವ `.exe` ಫೈಲನ್ನೂ ತೆಗೆದುಕೊಳ್ಳದೆ, ಮೈಕ್ರೋಸಾಫ್ಟ್‌ನ ಸ್ವಂತ ತಾಣದಿಂದ ಬೇರೆ ಕಂಪ್ಯೂಟರಿನಲ್ಲಿ ಇಳಿಸಿಕೊಂಡ ಐಎಸ್‌ಓದಿಂದ, ಡಿಸ್ಕ್ ಪೂರ್ತಿ ಅಳಿಸಿ ಹಾಕುವುದು. ಬ್ರ್ಯಾಂಡೆಡ್ ಲ್ಯಾಪ್‌ಟಾಪ್ ಆಗಿದ್ದು ಕೊಂಡಾಗ ವಿಂಡೋಸ್ ಜೊತೆಗೇ ಬಂದಿದ್ದರೆ, ಲೈಸೆನ್ಸ್ ಕೀ ಮದರ್‌ಬೋರ್ಡ್‌ನಲ್ಲೇ ಇರುವ ಸಾಧ್ಯತೆ ಹೆಚ್ಚು. ಅಂಥ ಕಡೆ ಮಧ್ಯದಲ್ಲಿ ಯಾರೋ ಸುಮ್ನೆ ಕ್ರ್ಯಾಕ್ ಹಾಕಿರುತ್ತಾರೆ, ಅದೇ ಎಡಿಷನ್ ಹಾಕಿದರೆ ದುಡ್ಡು ಕೊಡದೆ ಆ್ಯಕ್ಟಿವೇಟ್ ಆಗುತ್ತದೆ.

ಲೈಸೆನ್ಸ್ ಕೊಳ್ಳಲು ಆಗದವರಿಗೆ ಲಿನಕ್ಸ್ ಮತ್ತು ಲಿಬ್ರೆಆಫೀಸ್ ಇವೆ, ಯೂನಿಕೋಡ್ ಕನ್ನಡ ಎರಡರಲ್ಲೂ ಚೆನ್ನಾಗಿ ನಡೆಯುತ್ತದೆ. ಪೇಜ್‌ಮೇಕರ್ ಬಿಡಲು ಆಗದ ಅಂಗಡಿಗೆ ಇದು ಉತ್ತರವಲ್ಲ, ಒಪ್ಪುತ್ತೇನೆ. ಅಂಥವರು ಹಳೆಯ ಕೆಲಸಕ್ಕೆಂದೇ ಒಂದು ಕಂಪ್ಯೂಟರ್ ಬೇರೆ ಇಟ್ಟು, ಅದರ ನೆಟ್‌ವರ್ಕ್ ಕೇಬಲ್ ಕಿತ್ತು, ವೈಫೈ ಆಫ್ ಮಾಡುವುದು ಉತ್ತಮ. ಗ್ರಾಹಕರ ಡಾಕ್ಯುಮೆಂಟ್‌ಗಳನ್ನು ಅಪ್‌ಡೇಟ್ ಬರುವ ಕಂಪ್ಯೂಟರಿನಲ್ಲೇ ತೆರೆದು, ಅಲ್ಲಿಂದಲೇ ಪ್ರಿಂಟ್ ಕೊಡಲಿ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿದಿದೆ, ಆದ್ದರಿಂದ ಹೊಸದಾಗಿ ಹಾಕುವುದಾದರೆ ವಿಂಡೋಸ್ 11 ಹಿಡಿಯುವ ಯಂತ್ರ ಬೇಕು. ಹಾಕಿದ ಮೇಲೆ "You're up to date" ಎಂದು ಬರುವವರೆಗೆ ಅಪ್‌ಡೇಟ್ ಬಿಡಿ, ನಡುವೆ ಎರಡು ಮೂರು ಸಲ ರೀಸ್ಟಾರ್ಟ್ ಕೇಳಬಹುದು. ಆಮೇಲೆ ಹಳೆಯ ಎಸ್‌ಎಂಬಿ ಇನ್ನೂ ತೆರೆದಿದೆಯೇ ಎಂದು ಒಮ್ಮೆ ನೋಡಿ:

```
Get-SmbServerConfiguration | Select-Object EnableSMB1Protocol
```

`False` ಎಂದು ಬರಬೇಕು. `True` ಬಂದರೆ ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ SMB 1.0 ಎದುರಿನ ಗುರುತು ತೆಗೆದು ರೀಸ್ಟಾರ್ಟ್ ಮಾಡಿ. ಹಳೆಯ ಝೆರಾಕ್ಸ್ ಮಷೀನ್ ಸ್ಕ್ಯಾನ್ ಮಾಡಿದ್ದನ್ನು ಶೇರ್ ಫೋಲ್ಡರಿಗೆ ಕಳಿಸುವುದು ಆಮೇಲೆ ನಿಂತುಹೋದರೆ, ಅದಕ್ಕೆ ಎಸ್‌ಎಂಬಿ 1 ಬಿಟ್ಟು ಬೇರೆ ಗೊತ್ತಿಲ್ಲ ಎಂದು ಅರ್ಥ. ಆಗ ಸ್ಕ್ಯಾನನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ಬನ್ನಿ, ಆ ಗುರುತನ್ನು ಮಾತ್ರ ವಾಪಸ್ ಹಾಕಬೇಡಿ.